ಕೈ ಎತ್ತದ ಸಭೆಗೆ ಮೊದಲ ಮಾತು ಯಾವುದು?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ‘ಒಣಮೆಣಸಿನಕಾಯಿ ಚೀಲ ತುಂಬುವಾಗ ನೀರು ಹೊಡೆಯಬೇಡಿ’ ಅಂತ ಊರೂರಿಗೆ ಹೋಗಿ ಹೇಳಬೇಕು. ರೈತರಿಗೆ, ಬ್ಯಾಡಗಿ ಮಾರುಕಟ್ಟೆಯ ಖರೀದಿದಾರರಿಗೆ, ಖಾರದಪುಡಿ ಮಾಡುವ ಸಂಘದ ಹೆಣ್ಣುಮಕ್ಕಳಿಗೆ, ಮೂರೂ ಕಡೆ ಅದೇ ವಿಷಯ. ತರಬೇತಿಯಲ್ಲಿ ‘ಪ್ರಶ್ನೆಯಿಂದ ಶುರು ಮಾಡಿ, ಜನ ಎಚ್ಚರಾಗ್ತಾರೆ’ ಅಂದಿದ್ದರು. ಹೋದ ವಾರ ‘ನಿಮ್ಮಲ್ಲಿ ಎಷ್ಟು ಜನ ನೀರು ಹೊಡೀತೀರಿ?’ ಅಂತ ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ, ಆಮೇಲೆ ಸಭೆ ಕೈಗೆ ಸಿಗಲೇ ಇಲ್ಲ. ಮೊದಲ ಮಾತಿನಲ್ಲೇ ಜನರನ್ನು ಹಿಡಿಯಲು ಪ್ರಶ್ನೆ, ಗಟ್ಟಿ ಹೇಳಿಕೆ, ಕಥೆ, ಈ ಮೂರರಲ್ಲಿ ಯಾರಿಗೆ ಯಾವ ಹುಕ್ ಹಾಕಬೇಕು?

ಉತ್ತರ: ಅವತ್ತು ಒಬ್ಬ ರೈತ ಕೈ ಎತ್ತಿದ್ದ ಅಂತಲೇ ಇಟ್ಟುಕೊಳ್ಳಿ. ಪಕ್ಕದಲ್ಲಿ ಅವನ ಬೀಗರು ಕೂತಿದ್ದಾರೆ. ಹಿಂದೆ ಗೋಡೆಗೆ ಒರಗಿ ನಿಂತವನು ದಲಾಲಿ ಅಂಗಡಿಯ ಗುಮಾಸ್ತನೇ ಇರಬಹುದು. ಕೈ ಎತ್ತಿದರೆ ‘ತೂಕಕ್ಕೆ ನೀರು ಬೆರೆಸುವವನು ನಾನೇ’ ಅಂತ ಊರ ಮುಂದೆ ಒಪ್ಪಿಕೊಂಡ ಹಾಗೆ. ಯಾರು ಎತ್ತುತ್ತಾರೆ ಹೇಳಿ? ನೀವು ಕೇಳಿದ್ದು ನಿಮಗೆ ಪ್ರಶ್ನೆ ಅನ್ನಿಸಿತು, ಕೂತವರಿಗೆ ಪಂಚಾಯ್ತಿ ಅನ್ನಿಸಿತು.

ನಿಮ್ಮ ತರಬೇತಿಯವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅರ್ಧ ಹೇಳಿದ್ದಾರೆ. ಪ್ರಶ್ನೆಯಿಂದ ಜನ ಎಚ್ಚರಾಗುವುದು ನಿಜ. ಕಳ್ಳ ಅಂತ ಕೂಗಿದರೂ ಎಚ್ಚರಾಗುತ್ತಾರೆ. ಎಚ್ಚರಾಗಿ ನಿಮ್ಮ ಕಡೆ ವಾಲುತ್ತಾರೋ, ಬಾಗಿಲ ಕಡೆ ನೋಡುತ್ತಾರೋ ಅನ್ನುವುದು ಬೇರೆ ವಿಷಯ.

ಹಳ್ಳಿ ತಿರುಗಿ ಮಾತಾಡುವ ಸಿಬ್ಬಂದಿಗೆ ಧಾರವಾಡದಲ್ಲಿ ಮಾತು ಹೇಳಿಕೊಡುವುದು ನನ್ನ ಕೆಲಸ. ಮೊದಲ ಮಾತು ಆರಿಸುವ ಮುಂಚೆ ಅವರೆಲ್ಲರಿಗೂ ಒಂದೇ ಲೆಕ್ಕ ಹಾಕಿಸುತ್ತೇನೆ. ನಿಮ್ಮ ಮೊದಲ ವಾಕ್ಯಕ್ಕೆ ಕೇಳುವವನು ಮನಸ್ಸಿನಲ್ಲೇ ಒಂದು ಉತ್ತರ ಕೊಡುತ್ತಾನೆ. ಆ ಉತ್ತರ ಕೊಡಲು ಅವನು ಏನು ಕಳೆದುಕೊಳ್ಳಬೇಕು? ಏನೂ ಇಲ್ಲ ಅಂದರೆ ಪ್ರಶ್ನೆ ಕೇಳಿ. ಮರ್ಯಾದೆ ಹೋಗುತ್ತದೆ ಅಂದರೆ ಕಥೆ ಹೇಳಿ. ಅವನಿಗೆ ವಿಷಯ ನಿಮಗಿಂತ ಚೆನ್ನಾಗಿ ಗೊತ್ತು, ಹೊತ್ತು ಮಾತ್ರ ಇಲ್ಲ ಅಂದರೆ ಗಟ್ಟಿ ಮಾತು ಆಡಿ. ವಯಸ್ಸು, ಓದು, ಹಳ್ಳಿ, ಪಟ್ಟಣ ಅಂತ ಜನರನ್ನು ವಿಂಗಡಿಸುವುದು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದೇ ರೈತ ತನ್ನ ಹೊಲದಲ್ಲಿ ಪ್ರಶ್ನೆಗೆ ಅರ್ಧ ತಾಸು ಉತ್ತರ ಕೊಡುತ್ತಾನೆ, ಸಭೆಯಲ್ಲಿ ತುಟಿ ಬಿಚ್ಚುವುದಿಲ್ಲ.

ಈಗ ನಿಮ್ಮ ಮೂರು ಗುಂಪು ನೋಡೋಣ. ರೈತರದೇ ಕಷ್ಟ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ರೈತ ನೀರು ಯಾಕೆ ಹೊಡೆಯುತ್ತಾನೆ ಅಂತ ಮೊದಲು ನೀವು ಒಪ್ಪಿಕೊಳ್ಳಬೇಕು. ಕಣದಲ್ಲಿ ಚೆನ್ನಾಗಿ ಒಣಗಿದ ಬ್ಯಾಡಗಿ ಕಾಯಿ ಹಪ್ಪಳದ ಹಾಗಿರುತ್ತದೆ. ಅದೇ ನೆರಿಗೆ, ಅದೇ ತೆಳು ಸಿಪ್ಪೆ ಅದರ ಚೆಂದ. ಆದರೆ ಚೀಲಕ್ಕೆ ತುಂಬಿ ಕಾಲಿನಿಂದ ಒತ್ತಿದರೆ ಪಟಪಟ ಮುರಿಯುತ್ತದೆ, ಬೀಜ ಉದುರುತ್ತದೆ. ಮುರುಕಲು ಕಾಯಿಗೆ ದರ ಕಡಿಮೆ. ಅದಕ್ಕೆ ಸಂಜೆ ರಾಶಿಯ ಮೇಲೆ ನೀರು ಚಿಮುಕಿಸಿ, ಮುಚ್ಚಿಟ್ಟು, ಕಾಯಿ ಮೆತ್ತಗಾದ ಮೇಲೆ ತುಂಬುತ್ತಾರೆ. ತೂಕ ಹೆಚ್ಚುತ್ತದೆ ಅನ್ನುವುದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ‘ತೂಕದ ಆಸೆ’ ಅಂತ ಒಂದೇ ಕಾರಣ ಹಿಡಿದು ಹೊರಟರೆ, ಮುರಿಯದಿರಲಿ ಅಂತ ನೀರು ಹೊಡೆದವನಿಗೆ ಸಿಟ್ಟು ಬರುತ್ತದೆ. ಅವನ ಸಿಟ್ಟಿಗೆ ಅರ್ಥವೂ ಇದೆ.

ಇಂಥ ಕಡೆ ಗಟ್ಟಿ ಹೇಳಿಕೆಯೂ ಕೈ ಕೊಡುತ್ತದೆ. ಇದು ನನಗೇ ಆಗಿದ್ದು. ವರ್ಷಗಳ ಹಿಂದೆ ಲಕ್ಷ್ಮೇಶ್ವರ ಕಡೆಯ ಒಂದು ಊರಿನಲ್ಲಿ ಶೇಂಗಾ ಒಣಗಿಸುವ ವಿಷಯ ಮಾತಾಡಲು ಹೋಗಿದ್ದೆ. ಒದ್ದೆ ಉಳಿದರೆ ಬೂಷ್ಟು ಹಿಡಿಯುವ ತಾಪತ್ರಯ ಅಲ್ಲೂ ಇದೆ. ಎದ್ದು ನಿಂತವನೇ ‘ನೀವು ಇಷ್ಟು ವರ್ಷ ಶೇಂಗಾ ಒಣಗಿಸಿದ ಪದ್ಧತಿಯೇ ತಪ್ಪು’ ಅಂದೆ. ಬಹಳ ಜೋರಾದ ಹುಕ್ ಅಂತ ನನ್ನ ಎಣಿಕೆ. ಮುಂದೆ ಕೂತಿದ್ದ ಹಿರಿಯರೊಬ್ಬರು ತಲೆ ಮೇಲಿನ ರುಮಾಲು ಸರಿ ಮಾಡಿಕೊಂಡು, ‘ಹಂಗಾರ ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ತಪ್ಪ ಮಾಡ್ಯಾರೇನ್ರಿ ಸಾಹೇಬ್ರ?’ ಅಂದರು. ದನಿ ಏರಿಸಲೂ ಇಲ್ಲ. ಆಮೇಲೆ ನಾನು ನಲವತ್ತು ನಿಮಿಷ ಮಾತಾಡಿದೆ. ಅವರ ಅಜ್ಜನನ್ನು ಬಯ್ದವನ ಮಾತು ಅಂತಲೇ ಆ ನಲವತ್ತು ನಿಮಿಷವೂ ಹೋಯಿತು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳಬೇಕಾದರೆ ಅವರು ಅಪ್ಪ ಅಜ್ಜಂದಿರನ್ನು ಬಿಟ್ಟುಕೊಡಬೇಕಿತ್ತು.

ಕಥೆಯಲ್ಲಿ ಈ ಭಾರ ಕೇಳುವವನ ಮೇಲೆ ಬೀಳುವುದಿಲ್ಲ. ತಪ್ಪು ಮಾಡಿದವನು ಬೇರೆ ಯಾರೋ, ಅವನಿಗೂ ನ್ಯಾಯವಾದ ಕಾರಣ ಇತ್ತು. ಕೇಳುವವನು ಸುಮ್ನೆ ಕೂತು ನೋಡಬಹುದು. ನೋಡುತ್ತ ನೋಡುತ್ತ ‘ನಾನೂ ಹಂಗ ಮಾಡಿದ್ನಲ್ಲ’ ಅಂತ ಒಳಗೇ ಅಂದುಕೊಂಡರೆ ಸಾಕು. ಕೈ ಎತ್ತಬೇಕಾಗಿಲ್ಲ.

ನಾನು ಹೇಳುವ ಕಥೆ ನಮ್ಮ ಮನೆಯದು. ಸಭೆಯಲ್ಲಿ ಹೇಳುವ ಹಾಗೆಯೇ ಬರೆಯುತ್ತೇನೆ:

‘ನಮ್ಮ ದೊಡ್ಡಪ್ಪ ಮೆಣಸಿನಕಾಯಿ ಒಣಗಿಸೋದ್ರಾಗ ಭಾಳ ಚೊಕ್ಕ ಮನಷ್ಯಾ. ಒಂದು ಬಿಳಿಗಾಯಿ ಕಂಡ್ರ ಆರಿಸಿ ಒಗೀತಿದ್ದ. ಒಂದ್ ವರ್ಷ ಕಾಯಿ ಅಷ್ಟ ಚಂದ ಒಣಗಿತ್ತು, ಮುಟ್ಟಿದ್ರ ಮುರೀತಿತ್ತು. ನಾಳೆ ಟೆಂಡರ್. ದೊಡ್ಡಪ್ಪ ರಾಶಿ ನೋಡಿದ, ನಮ್ಮ ದೊಡ್ಡವ್ವನ ಮಾರಿ ನೋಡಿದ. ಕೊಡದಾಗಿಂದ ಎರಡ ಬೊಗಸಿ ಅಂತ ಶುರು ಮಾಡಿದವ, ಕೊಡ ಖಾಲಿ ಆತು. ಮರುದಿನ ಬ್ಯಾಡಗ್ಯಾಗ ನಾನೂ ಅವನ ಜೋಡಿ ನಿಂತಿದ್ದೆ. ಖರೀದಿದಾರ ಬಂದ. ಮ್ಯಾಲಿನ ಕಾಯಿ ನೋಡಿ ಗೋಣು ಹಾಕಿದ. ಆಮ್ಯಾಲ ಅಂಗಿ ತೋಳು ಏರಿಸಿ, ಮೊಣಕೈತನಕ ಚೀಲದಾಗ ಕೈ ತೂರಿಸಿದ. ಕೈ ಹೊರಗ ತಗದು ಬೆರಳು ಮೂಸಿ ನೋಡಿದ. ಒಂದು ಮಾತು ಆಡ್ಲಿಲ್ಲ. ಮುಂದಿನ ಲಾಟಿಗೆ ಹೋಗಿಬಿಟ್ಟ.’

ಇಲ್ಲಿಗೆ ನಿಲ್ಲಿಸುತ್ತೇನೆ. ದರ ಎಷ್ಟು ಬಿತ್ತು ಅಂತ ಹೇಳುವುದಿಲ್ಲ. ಯಾರೋ ಒಬ್ಬರು ‘ಎಷ್ಟಕ್ಕ ಹೋತ್ರಿ ಕಡೀಕ?’ ಅಂತ ಕೇಳಿಯೇ ಕೇಳುತ್ತಾರೆ. ಅಲ್ಲಿ ಸಭೆ ನಿಮ್ಮದಾಯಿತು. ಈಗ ಪ್ರಶ್ನೆ ಅವರಿಂದ ಬಂದಿದೆ, ನೀವು ಉತ್ತರ ಕೊಡುವವರು. ‘ಹೇಳ್ತೀನಿ, ಅದಕ್ಕೂ ಮೊದಲು ಆ ಮನುಷ್ಯ ಚೀಲದ ನಡುವಿಂದ ಏನು ಮೂಸಿದ ಅಂತ ನೋಡೋಣ’ ಅಂತ ವಿಷಯಕ್ಕೆ ಇಳಿಯಿರಿ. ಒದ್ದೆ ಕಾಯಿ ಚೀಲದ ನಡುವೆ ಬೆಚ್ಚಗಾಗುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ, ಮೇಲಿನ ಕಾಯಿ ಮಾತ್ರ ಕೆಂಪಗೆ ಹೊಳೆಯುತ್ತಿರುತ್ತದೆ. ಇದನ್ನು ಕೇಳಲು ಅವರು ಈಗ ತಯಾರಿರುತ್ತಾರೆ.

ಈ ಕಥೆಯ ಒಳಗಿನ ಕಟ್ಟು ನೋಡಿ. ದೊಡ್ಡಪ್ಪ ದಡ್ಡನಲ್ಲ, ಮೋಸಗಾರನೂ ಅಲ್ಲ, ಚೊಕ್ಕ ಮನುಷ್ಯ. ಅದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡಬೇಕು. ಅವನಿಗೆ ನೀರು ಹೊಡೆಯಲು ಕಾರಣ ಇತ್ತು, ಕಾಯಿ ಮುರಿಯುತ್ತಿತ್ತು. ಅವನು ಆರಿಸಿಕೊಳ್ಳುವ ಒಂದು ಗಳಿಗೆ ಬಂತು, ಕೊಡ ಕೈಗೆ ಬಂತು. ಆಮೇಲೆ ಕಣ್ಣಿಗೆ ಕಟ್ಟುವ ಒಂದೇ ಒಂದು ಸಂಗತಿ, ಚೀಲದೊಳಗೆ ಹೋದ ಕೈ. ಇಷ್ಟೇ. ಒಂದೂವರೆ ನಿಮಿಷ, ಬಹಳ ಆದರೆ ಎರಡು. ದೊಡ್ಡಪ್ಪನ ಹೊಲ ಎಷ್ಟು ಎಕರೆ, ಆ ವರ್ಷ ಮಳೆ ಹೇಗಿತ್ತು ಅಂತ ಸೇರಿಸುತ್ತ ಹೋದರೆ ಅದು ಹರಟೆ ಆಗುತ್ತದೆ, ಹುಕ್ ಆಗುವುದಿಲ್ಲ.

ನನ್ನ ದೊಡ್ಡಪ್ಪನನ್ನು ನೀವು ಎರವಲು ತಗೊಂಡು ಹೋಗಬೇಡಿ. ನಿಮ್ಮ ಕಂಪನಿಯ ಸದಸ್ಯರಲ್ಲೇ ಇಂಥದ್ದು ಆದವರು ಇರುತ್ತಾರೆ. ಒಬ್ಬರ ಹತ್ತಿರ ಒಂಟಿಯಾಗಿ ಕೂತು ಕೇಳಿ. ಹೇಳಬಹುದಾ ಅಂತ ಅನುಮತಿ ತಗೊಳ್ಳಿ. ಹೆಸರು, ಊರು ಬಿಟ್ಟು ಹೇಳಿ. ಕಟ್ಟಿದ ಕಥೆ ನಮ್ಮ ಕಡೆ ನಡೆಯುವುದಿಲ್ಲ. ಯಾಕಂದರೆ ‘ಯಾವ ಊರಿನವ್ರೀ ಅವ್ರು? ಯಾರ ಅಂಗಡಿಗೆ ಹಾಕಿದ್ರು?’ ಅಂತ ಎರಡೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ‘ಅವರ ಹೆಸರು ಹೇಳಲ್ಲ ಅಂತ ಮಾತು ಕೊಟ್ಟೀನ್ರಿ’ ಅಂದರೆ ನಂಬುತ್ತಾರೆ. ತಡವರಿಸಿದರೆ ಮುಗಿಯಿತು.

ಕಥೆಗೂ ಒಂದು ಮಿತಿ ಇದೆ. ಕಥೆ ಮನಸ್ಸು ತೆರೆಯುತ್ತದೆ, ಕೈಗೆ ಕೆಲಸ ಕೊಡುವುದಿಲ್ಲ. ‘ಸರಿ, ನೀರು ಹೊಡೀಲಿಲ್ಲ ಅಂದ್ರ ಕಾಯಿ ಮುರೀತದಲ್ರೀ?’ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಲೇಬೇಕು. ಒಣಗಿದ ರಾಶಿ ಮುಚ್ಚಿಟ್ಟು, ಬಿಸಿಲೇರುವ ಮುಂಚೆ ಬೆಳಗಿನ ತಂಪಿನಲ್ಲಿ ತುಂಬಿ, ಮಧ್ಯಾಹ್ನ ತುಂಬಬೇಡಿ, ಬೆಳಗಿನ ಹೊತ್ತಿಗೆ ಕಾಯಿ ತಾನಾಗೇ ಸ್ವಲ್ಪ ಬಾಗುತ್ತದೆ ಅಂತ ಹೇಳಿ. ಕಾಲಿನಿಂದ ಒತ್ತುವುದನ್ನು ಕಡಿಮೆ ಮಾಡಿ ಅಂತಲೂ ಹೇಳಿ. ಇದಿಲ್ಲದೆ ಬರೀ ಕಥೆ ಹೇಳಿ ಬಂದರೆ, ‘ಚಲೋ ಮಾತಾಡಿದ’ ಅನ್ನಿಸಿಕೊಂಡು ಬರುತ್ತೀರಿ. ಸಂಜೆ ಕೊಡ ಮತ್ತೆ ಕೈಗೆ ಬರುತ್ತದೆ.

ಇನ್ನು ಖರೀದಿದಾರರು. ಇಲ್ಲಿ ಕಥೆ ಹೇಳಲು ಹೋಗಬೇಡಿ. ಟೆಂಡರ್ ದಿನ ಅವರು ಒಂದು ಲಾಟಿನ ಮುಂದೆ ನಿಲ್ಲುವ ಹೊತ್ತೇ ಎಷ್ಟು? ಎರಡು ಕಾಯಿ ಕೈಗೆ ತಗೊಂಡು, ತೊಟ್ಟು ಹಿಡಿದು ಅಲ್ಲಾಡಿಸಿ, ಮುರಿದು, ಬಣ್ಣ ನೋಡಿ, ಮುಂದೆ ಹೋಗುತ್ತಾರೆ. ತಳಿಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವ ಕಾಯಿ ಕೋಲ್ಡ್ ಸ್ಟೋರೇಜಿನಿಂದ ಬಂದದ್ದು ಅಂತ ದೂರದಿಂದಲೇ ಹೇಳುವವರು. ಅವರಿಗೆ ‘ಒಂದೂರಲ್ಲಿ ಒಬ್ಬ ರೈತ’ ಅಂತ ಶುರು ಮಾಡಿದರೆ ಅಷ್ಟರಲ್ಲಿ ಫೋನ್ ಬಂದಿರುತ್ತದೆ. ಪ್ರಶ್ನೆಯೂ ಬೇಡ. ‘ಮೆಣಸಿನಕಾಯಿಯಲ್ಲಿ ತೇವ ಎಷ್ಟಿರಬೇಕು ಗೊತ್ತಾ?’ ಅಂತ ಅವರನ್ನು ಕೇಳುವುದು ಅಡುಗೆ ಭಟ್ಟರಿಗೆ ‘ಉಪ್ಪು ಅಂದರೇನು’ ಅಂತ ಕೇಳಿದ ಹಾಗೆ.

ಅವರಿಗೆ ಗಟ್ಟಿ ಮಾತು. ಗಟ್ಟಿ ಅಂದರೆ ಜೋರು ಅಂತಲ್ಲ. ಅವರು ನಂಬಿದ್ದನ್ನು ಸ್ವಲ್ಪ ಅಲ್ಲಾಡಿಸಬೇಕು, ಒಂದೇ ಉಸಿರಿನಲ್ಲಿ ಹೇಳಿ ಮುಗಿಯಬೇಕು, ಕೇಳಿದವರು ಅಲ್ಲೇ ನಿಂತು ಲೆಕ್ಕ ಹಾಕಿ ನೋಡುವ ಹಾಗಿರಬೇಕು. ನಾನು ಕೊಡುವ ಮಾತು ಇದು: ‘ಹತ್ತು ಟನ್ನಿನ ಹತ್ತು ಲಾರಿ ಮಾಲು. ಅದರಾಗ ಒಂದು ಗ್ರಾಂ ವಿಷ ಇದ್ರೂ ಯುರೋಪಿನ ಮಿತಿ ಮುಟ್ಟಿದಂಗ.’

ಇದು ಹೆದರಿಸುವ ಮಾತಲ್ಲ, ಲೆಕ್ಕ. ಒದ್ದೆ ಕಾಯಿಗೆ ಹಿಡಿಯುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಮಾಡುತ್ತವೆ. ಯುರೋಪ್ ಒಕ್ಕೂಟದವರು ಒಣಮೆಣಸಿನಕಾಯಿಗೆ ಇಟ್ಟಿರುವ ಒಟ್ಟು ಅಫ್ಲಾಟಾಕ್ಸಿನ್ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಅಂದರೆ ಒಂದು ಟನ್ನಿಗೆ 10 ಮಿಲಿಗ್ರಾಂ, ನೂರು ಟನ್ನಿಗೆ ಒಂದು ಗ್ರಾಂ. ಅದೇ ಹತ್ತು ಲಾರಿ. ‘ಕಿಲೋಗೆ 10 ಮೈಕ್ರೋಗ್ರಾಂ’ ಅಂತ ಹೇಳಿದರೆ ಅದು ಪ್ರಯೋಗಾಲಯದ ಭಾಷೆ. ‘ಹತ್ತು ಲಾರಿಗೆ ಒಂದು ಗ್ರಾಂ’ ಅಂದರೆ ಅವರ ಭಾಷೆ. ಲಾರಿ ಅವರು ದಿನಾ ನೋಡುತ್ತಾರೆ. ಗ್ರಾಂ ಅಂದರೆ ಬಂಗಾರದ ಅಂಗಡಿಯಲ್ಲಿ ನೋಡಿರುತ್ತಾರೆ.

ಗಟ್ಟಿ ಮಾತು ಆಡಿದವನ ಮೇಲೆ ಸಾಲ ಇರುತ್ತದೆ. ಅದನ್ನು ಮುಂದಿನ ಒಂದು ನಿಮಿಷದಲ್ಲೇ ತೀರಿಸಬೇಕು. ಎಲ್ಲ ಮಾಲೂ ಯುರೋಪಿಗೆ ಹೋಗುವುದಿಲ್ಲ ಅಂತ ಅವರಿಗೂ ಗೊತ್ತು, ಅದನ್ನು ನೀವೇ ಮೊದಲು ಹೇಳಿಬಿಡಿ. ಆಮೇಲೆ, ಕಾಯಿ ಪುಡಿಯಾದ ಮೇಲೆ ಒಂದು ಚೀಲದ ವಿಷ ಇಡೀ ಗಿರಣಿಯ ಮಾಲಿಗೆ ಹಂಚಿಹೋಗುತ್ತದೆ, ಮತ್ತೆ ಬಿಸಿಲಿಗೆ ಹಾಕಿದರೆ ತೇವ ಹೋಗುತ್ತದೆಯೇ ಹೊರತು ವಿಷ ಹೋಗುವುದಿಲ್ಲ, ಅಡುಗೆಯ ಬಿಸಿಗೂ ಅದು ಪೂರ್ತಿ ಹೋಗುವುದಿಲ್ಲ ಅಂತ ಹೇಳಿ. ಆಮೇಲೆ ನಿಮ್ಮ ಬೇಡಿಕೆ: ಒಣಗಿದ ಲಾಟಿಗೆ ಬೇರೆ ದರ ಕಾಣುವ ಹಾಗೆ ಕೊಡಿ. ಮೂರು ನಿಮಿಷದ ಕೆಲಸ ಇದು. ಮಾತು ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯುವುದು ಸುಲಭ. ಕೂತಿದ್ದರೆ ಯಾರಾದರೂ ವಾದ ಮಾಡುತ್ತಾರೆ. ‘ಅದು ರಫ್ತಿನವರ ಮಾತಾತ್ರೀ, ನಮ್ಮದು ಲೋಕಲ್’ ಅಂದರೆ ಖುಷಿಪಡಿ. ಗೋಣು ಹಾಕಿ ‘ಹೌದ್ರಿ, ಖರೇನ ಐತಿ’ ಅಂದು ಹೋದರೆ ಮಾತು ಜಾರಿ ಹೋಗಿದೆ.

ಗಟ್ಟಿ ಮಾತನ್ನು ರೈತರ ಸಭೆಯಲ್ಲೂ ಬಳಸಬಹುದು, ಆದರೆ ಕಥೆ ಮುಗಿದ ಮೇಲೆ. ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. ನೂರು ಕಿಲೋ ಕಾಯಿಯಲ್ಲಿ ಶೇಕಡ 10 ತೇವ ಇದೆ ಅಂದರೆ ಒಣ ಸರಕು 90 ಕಿಲೋ. ನೀರು ಹೊಡೆದು ತೇವ ಶೇಕಡ 14 ಆಯಿತು ಅಂದುಕೊಳ್ಳಿ. ಆಗ ತೂಕ ಸುಮಾರು 104 ಕಿಲೋ 650 ಗ್ರಾಂ. ಅಂದರೆ ನಾಲ್ಕೂವರೆ ಕಿಲೋ ಮೇಲೆ ಸಿಕ್ಕಿತು. ಲೆಕ್ಕಕ್ಕೆ ಸುಲಭ ಆಗಲಿ ಅಂತ ಕ್ವಿಂಟಲ್ ದರ 20,000 ರೂಪಾಯಿ ಹಿಡಿಯೋಣ. ನೀರಿನಿಂದ ಬಂದದ್ದು ಸುಮಾರು 930 ರೂಪಾಯಿ. ಈಗ ಆ ಲಾಟಿಗೆ ಒದ್ದೆ ಅಂತ ದರ ಎಷ್ಟು ಇಳಿದರೆ ಈ ಲಾಭ ಸೊನ್ನೆ ಆಗುತ್ತದೆ? ಕ್ವಿಂಟಲ್‌ಗೆ ಸುಮಾರು 890 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಇಳಿದರೂ, ನೀರು ಹೊಡೆದವನು ಕೈಯಿಂದ ಹಾಕಿದ ಹಾಗೆ. 1,500 ರೂಪಾಯಿ ಇಳಿದರೆ, ತೂಕ ಹೆಚ್ಚಾಗಿಯೂ ಕೈಗೆ ಬರುವುದು 19,360. ಅಂದರೆ 640 ರೂಪಾಯಿ ಖೋತಾ. ಅವತ್ತಿನ ದರ ಹಾಕಿ ಅವರ ಎದುರಿಗೇ ಲೆಕ್ಕ ಮಾಡಿ.

ಆದರೆ ಒಂದು ಎಚ್ಚರಿಕೆ. ನಿಮ್ಮ ಭಾಗದ ಖರೀದಿದಾರರು ಒದ್ದೆ ಲಾಟಿಗೆ ನಿಜವಾಗಿ ಅಷ್ಟು ದರ ಇಳಿಸುತ್ತಾರಾ ಅಂತ ಮೊದಲು ನಾಲ್ಕು ಟೆಂಡರ್ ನಿಂತು ನೋಡಿ. ಇಳಿಸದೇ ಇದ್ದರೆ ಈ ಲೆಕ್ಕ ನಿಮ್ಮ ಮೇಲೇ ತಿರುಗುತ್ತದೆ. ‘ಮೊನ್ನಿ ಹೊಡದ್ನಲ್ಲ, ಒಂದು ರೂಪಾಯಿನೂ ಕಡಿಮಿ ಆಗಿಲ್ಲ’ ಅಂತ ಒಬ್ಬ ಎದ್ದು ನಿಂತರೆ, ಮುಂದಿನ ಸುಗ್ಗಿವರೆಗೂ ಆ ಊರಿಗೆ ನೀವು ಹೋಗುವ ಹಾಗಿಲ್ಲ. ಗಟ್ಟಿ ಮಾತಿಗೆ ಒಂದೇ ಒಂದು ಉಲ್ಟಾ ಉದಾಹರಣೆ ಸಾಕು, ಬಿದ್ದುಹೋಗುತ್ತದೆ. ಕಥೆ ಹಾಗೆ ಬೀಳುವುದಿಲ್ಲ, ಯಾಕಂದರೆ ಅದು ‘ಎಲ್ಲರಿಗೂ ಹೀಗೇ ಆಗುತ್ತದೆ’ ಅನ್ನುವುದೇ ಇಲ್ಲ.

ಸಂಘದ ಹೆಣ್ಣುಮಕ್ಕಳ ವಿಷಯ ಸುಲಭ, ಅಲ್ಲಿ ಪ್ರಶ್ನೆ ಚೆನ್ನಾಗಿ ನಡೆಯುತ್ತದೆ. ಅವರು ನೀರು ಹೊಡೆಯುವವರಲ್ಲ. ಕಾಯಿ ಕೊಂಡು, ತೊಟ್ಟು ಬಿಡಿಸಿ, ಒಣಗಿಸಿ, ಕುಟ್ಟಿಸಿ ಮಾರುವವರು. ಅಲ್ಲಿ ಯಾರಿಗೂ ಮುಚ್ಚಿಟ್ಟುಕೊಳ್ಳುವುದು ಏನೂ ಇಲ್ಲ. ಆದರೆ ಯಾವ ಪ್ರಶ್ನೆ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ. ‘ಗುಣಮಟ್ಟ ಅಂದ್ರೆ ಏನು?’ ಅಂತ ಕೇಳಿದರೆ ಶಾಲೆ ನೆನಪಾಗಿ ತಲೆ ತಗ್ಗಿಸುತ್ತಾರೆ. ‘ಅಕ್ಕಾರ, ಸಂತ್ಯಾಗ ಮೆಣಸಿನಕಾಯಿ ತಗೊಳ್ಳುವಾಗ ಮೊದ್ಲ ಏನ್ ಮಾಡ್ತೀರಿ?’ ಅಂತ ಕೇಳಿ. ಇದಕ್ಕೆ ತಪ್ಪು ಉತ್ತರವೇ ಇಲ್ಲ. ಒಬ್ಬರು ಬಣ್ಣ ಅನ್ನುತ್ತಾರೆ, ಒಬ್ಬರು ವಾಸನೆ ಅನ್ನುತ್ತಾರೆ. ಯಾರೋ ಒಬ್ಬ ಅಜ್ಜಿ ಕೈ ಮೇಲೆತ್ತಿ ಕಿವಿ ಹತ್ತಿರ ಅಲ್ಲಾಡಿಸುವ ಹಾಗೆ ಮಾಡಿ ತೋರಿಸುತ್ತಾರೆ. ಒಣಗಿದ ಕಾಯಿಯಲ್ಲಿ ಬೀಜ ಗಲಗಲ ಅನ್ನುತ್ತದೆ, ಒದ್ದೆಯದು ಸುಮ್ಮನಿರುತ್ತದೆ. ನೀವು ಹೇಳಬೇಕಾದ್ದನ್ನು ಅವರೇ ಹೇಳಿದರು. ಜೇಬಿನಲ್ಲಿ ಎರಡು ಕಾಯಿ ಇಟ್ಟುಕೊಂಡು ಹೋಗಿರಿ, ಒಂದು ಒಣಗಿದ್ದು, ಒಂದು ಹಿಂದಿನ ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅಜ್ಜಿಯ ಕೈಗೇ ಕೊಡಿ.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲೇ. ಕೇಳುತ್ತಾರೆ, ಎರಡು ಕ್ಷಣ ಯಾರೂ ಮಾತಾಡದಿದ್ದರೆ ಗಾಬರಿಯಾಗಿ ತಾವೇ ಉತ್ತರ ಹೇಳಿಬಿಡುತ್ತಾರೆ. ಒಮ್ಮೆ ಹಾಗೆ ಮಾಡಿದರೆ, ಆಮೇಲೆ ನೀವು ಕೇಳುವ ಯಾವ ಪ್ರಶ್ನೆಗೂ ಯಾರೂ ಬಾಯಿ ತೆರೆಯುವುದಿಲ್ಲ. ‘ಇವನೇ ಹೇಳ್ತಾನ ಬಿಡು’ ಅಂತ ಗೊತ್ತಾಗಿರುತ್ತದೆ. ಮನಸ್ಸಿನಲ್ಲೇ ಐದರ ತನಕ ನಿಧಾನ ಎಣಿಸಿ. ಐದು ಬಹಳ ದೊಡ್ಡದು ಅನ್ನಿಸುತ್ತದೆ, ನಿಮಗೆ ಮಾತ್ರ. ಆಮೇಲೂ ಉತ್ತರ ಬರದಿದ್ದರೆ ಅವರ ಕಣ್ಣು ನೋಡಿ. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರೆ ಉತ್ತರ ಇದೆ, ಯಾರು ಮೊದಲು ಅನ್ನುವ ಸಂಕೋಚ ಅಷ್ಟೇ. ಪಕ್ಕದವರ ಜೊತೆ ಮಾತಾಡಿಕೊಂಡು ಹೇಳಿ ಅನ್ನಿ. ನೆಲ ನೋಡುತ್ತಿದ್ದರೆ ಪ್ರಶ್ನೆ ಚುಚ್ಚಿದೆ ಅಂತ ಅರ್ಥ. ಬಿಟ್ಟುಬಿಡಿ, ಸಣ್ಣ ಕಥೆಗೆ ಹೋಗಿ. ನಿಮ್ಮ ಹೋದ ವಾರದ ಸಭೆಯಲ್ಲಿ ಅವರು ಎಲ್ಲಿ ನೋಡುತ್ತಿದ್ದರು, ನೆನಪಿದೆಯಾ?

ಇದೇ ಕಾರಣಕ್ಕೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುವಾಗ ಪ್ರಶ್ನೆಯಿಂದ ಶುರು ಮಾಡುವುದು ನನಗೆ ಅಷ್ಟು ಸರಿ ಬರುವುದಿಲ್ಲ. ಅಲ್ಲಿ ಕಾಯುವುದು ಎಲ್ಲಿ ಸಾಧ್ಯ? ರೇಡಿಯೋದಲ್ಲೂ ಅಷ್ಟೇ. ಧಾರವಾಡ ಆಕಾಶವಾಣಿ 1950ರಿಂದ ಇದೆ, ನಮ್ಮ ಕಡೆಯ ರೈತರಿಗೆ ರೇಡಿಯೋ ಹೊಸದಲ್ಲ. ಅಲ್ಲಿ ಕೃಷಿ ಮಾತು ಕೇಳಿ ಬೆಳೆದವರಿಗೆ ಇಬ್ಬರು ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳುವ ರೂಢಿ ಇದೆ. ಹಾಗಾಗಿ ಧ್ವನಿ ಸಂದೇಶಕ್ಕೆ ಒಬ್ಬ ರೈತರನ್ನು ಕೂರಿಸಿಕೊಂಡು, ಪ್ರಶ್ನೆಯನ್ನು ಅವರ ಬಾಯಲ್ಲೇ ಹಾಕಿಸಿ: ‘ಅಲ್ರೀ, ನೀರು ಹೊಡೀಲಿಲ್ಲಂದ್ರ ಕಾಯಿ ಮುರೀತಾವಲ್ಲ, ಅದಕ್ಕೇನ್ ಮಾಡೂದು?’ ಅಂತ. ಕೇಳುವವನ ಮನಸ್ಸಿನಲ್ಲಿ ಇದ್ದದ್ದೇ ಅದು. ಅವನು ಕೈ ಎತ್ತದೆಯೇ ಅವನ ಪ್ರಶ್ನೆ ಹೊರಗೆ ಬಂತು.

ಕೃಷಿ ಕಾಲೇಜಿನ ಹುಡುಗರ ಮುಂದೆಯೂ ಎಂದಾದರೂ ಮಾತಾಡಲು ಹೇಳಿದರೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಅವರಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಮರ್ಯಾದೆಯ ಭಾರವೂ ಇಲ್ಲ, ಹೊತ್ತಿನ ಅವಸರವೂ ಇಲ್ಲ.

ನಿಜವಾದ ಇಕ್ಕಟ್ಟು ಬರುವುದು ವಾರ್ಷಿಕ ಸಭೆಯಲ್ಲಿ. ಅಲ್ಲಿ ರೈತರು, ಇಬ್ಬರು ಮೂವರು ಖರೀದಿದಾರರು, ಸಂಘದವರು, ಬ್ಯಾಂಕಿನವರು ಎಲ್ಲ ಒಂದೇ ಶಾಮಿಯಾನದ ಕೆಳಗೆ ಇರುತ್ತಾರೆ. ಎಲ್ಲರಿಗೂ ಹಿಡಿಸುವ ಮೊದಲ ಮಾತು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಈ ಸಭೆಯಿಂದ ಎದ್ದು ಹೋದ ಮೇಲೆ ಯಾರ ಕೈ ಬೇರೆ ಥರ ಕೆಲಸ ಮಾಡಬೇಕು ಅಂತ ನೋಡಿ. ಇಲ್ಲಿ ಅದು ರೈತರ ಕೈ. ಅವರಿಗೆ ಹೊಂದುವ ಮೊದಲ ಮಾತು ಆರಿಸಿ. ಅಷ್ಟೇ ಅಲ್ಲ, ಖರೀದಿದಾರರು ಪಕ್ಕದಲ್ಲಿ ಕೂತಿರುವ ಸಭೆಯಲ್ಲಿ ರೈತರ ಮರ್ಯಾದೆ ಇನ್ನೂ ನಾಜೂಕು. ನೀರಿನ ಮಾತನ್ನು ಅಲ್ಲಿ ಗಟ್ಟಿ ಹೇಳಿಕೆಯಾಗಿ ಎತ್ತಿದರೆ, ಖರೀದಿದಾರ ‘ನೋಡ್ರಿ, ನಾವು ಹೇಳಿದ್ದ ಖರೆ ಆತು’ ಅನ್ನುತ್ತಾನೆ. ಆ ದಿನದಿಂದ ನೀವು ರೈತರ ಪಾಲಿಗೆ ಅವನ ಕಡೆಯವರು. ಅಂಥ ಸಭೆಗೆ ಕಥೆಯೇ ಇರಲಿ. ಕಥೆಯಲ್ಲಿ ಚೀಲಕ್ಕೆ ಕೈ ತೂರಿಸಿದವನು ಒಂದು ಮಾತೂ ಹೇಳದೆ ಮುಂದೆ ಹೋದದ್ದು ಖರೀದಿದಾರರಿಗೂ ಸ್ವಲ್ಪ ಚುಚ್ಚುತ್ತದೆ. ‘ಯಾಕ್ ಬ್ಯಾಡ ಅಂದ್ನಿ ಅಂತ ಹೇಳಿದ್ರ, ಮುಂದಿನ ಸಲಕ್ಕ ನಮ್ಮ ದೊಡ್ಡಪ್ಪಗ ಗೊತ್ತಾಗ್ತಿತ್ತು’ ಅಂತ ಒಂದು ವಾಕ್ಯ ಸೇರಿಸಿದರೆ ಎರಡೂ ಕಡೆಗೆ ಸರಿಹೋಗುತ್ತದೆ.

ಕೊನೆಗೆ, ಹೋದ ವಾರ ಸಭೆ ಕೆಟ್ಟ ಊರಿಗೆ ಮತ್ತೆ ಹೋಗುವ ವಿಷಯ. ಹೋಗಿ. ಆದರೆ ಹೊಸ ಹುಕ್ ಹಿಡಿದು ಏನೂ ಆಗಿಲ್ಲ ಅನ್ನುವ ಹಾಗೆ ಶುರು ಮಾಡಬೇಡಿ. ಹಳ್ಳಿಯವರು ಮರೆತಿರುವುದಿಲ್ಲ. ‘ಹೋದ ಸಲ ನಾನು ಕೇಳಿದ ರೀತಿ ಚಲೋ ಇರ್ಲಿಲ್ಲ’ ಅಂತ ಹೇಳಿ. ನಿಮ್ಮದೇ ಕಥೆ ಅದು, ಪುಕ್ಕಟೆ ಸಿಕ್ಕಿದೆ. ಆಮೇಲೆ ಎರಡು ಕಾಯಿ ತೆಗೆದು, ಹೋದ ಸಲ ಎಲ್ಲರಿಗಿಂತ ಹಿಂದೆ ಕೂತಿದ್ದವರ ಕೈಗೆ ಕೊಟ್ಟು ಅಲ್ಲಾಡಿಸಲು ಹೇಳಿ. ಚೀಲ ತುಂಬುವ ಹೊತ್ತು ಬದಲಾಯಿಸುವ ಮಾತು ಹೇಳಿ, ಚಹಾ ಕುಡಿದು ಬನ್ನಿ. ಸುಗ್ಗಿ ಅರ್ಧ ಆದ ಮೇಲೆ ಮೂರನೇ ಸಲ ಹೋದಾಗ ‘ಈ ಸಲ ಎಷ್ಟು ಮಂದಿ ಮುಂಜಾನೆ ತಂಪಿನ್ಯಾಗ ಚೀಲ ತುಂಬಿದ್ರಿ?’ ಅಂತ ಕೇಳಿ ನೋಡಿ. ಅವತ್ತು ಕೆಳಗೇ ಉಳಿದ ಕೈಗಳಲ್ಲಿ ಕೆಲವಾದರೂ ಮೇಲೇಳುತ್ತವೆ. ಏಳು ಕೈ ಎದ್ದರೆ ಏಳು ಅಂತ ಬರೆದುಕೊಳ್ಳಿ, ಹತ್ತು ಅಂತ ಕಂಪನಿಗೆ ವರದಿ ಕೊಡಬೇಡಿ.